ಪ್ರಬಂಧದ ಪ್ರಗತಿ: ಜೂನ್ 2025ರವರೆಗೆ

ಕಾರವಾರ
5 ಜೂನ್ 2025

ಪ್ರೀತಿಯ ಸುಜಾತಾ,

ಅಘನಾಶಿನಿ ಅಳಿವೆಯ ಬಳಚುಗಳ ಮೇಲಿನ ನಿನ್ನ ಪ್ರಬಂಧಕ್ಕೆ ಕಳೆದ ವರ್ಷ ಜೂನ್‌ನಲ್ಲಿ ನಾವಿಬ್ಬರೂ ಕೂತು ಬರೆದುಕೊಂಡ ಹಂತಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಜುಲೈನಲ್ಲಿ ಸಲಹಾ ಸಮಿತಿಯ ಮುಂದೆ ಹೋಗುವ ಮೊದಲು ಎಲ್ಲಿ ನಿಂತಿದ್ದೇವೆ ಎನ್ನುವುದು ಇಬ್ಬರಿಗೂ ಸ್ಪಷ್ಟವಾಗಿರಲಿ.

ಹಿಂದಿನ ಅಧ್ಯಯನಗಳ ಅಧ್ಯಾಯ ಡಿಸೆಂಬರ್‌ಗೆ ಬರಬೇಕಿತ್ತು, ಫೆಬ್ರುವರಿಗೆ ಬಂತು. ತಡವಾದರೂ ಚೆನ್ನಾಗಿದೆ, ಅದು ಮುಗಿದಂತೆ. ಒಂದು ಮಾತು ಸೇರಿಸು. ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ನಿನ್ನ ಅಧ್ಯಾಯದಲ್ಲಿ ಅದಕ್ಕೆ ಒಂದೇ ಸಾಲು ಇದೆ, ಒಂದು ಪ್ಯಾರಾ ಆದರೂ ಬೇಕು.

ಮಾದರಿ ಸಂಗ್ರಹಕ್ಕೆ ನಾಲ್ಕು ಜಾಗ, ಹನ್ನೆರಡು ತಿಂಗಳು, ಒಟ್ಟು 48 ಸಲ ಎಂದು ಒಪ್ಪಿದ್ದೆವು. ನೀನು 46 ಸಲ ಮಾಡಿದ್ದೀಯ. ಅಘನಾಶಿನಿ ಊರು, ಮಾಸೂರು ಎರಡೂ ಪೂರ್ತಿ. ಮಿರ್ಜಾನ್ ಮತ್ತು ದಿವಗಿಯಲ್ಲಿ ಜುಲೈ ತಪ್ಪಿದೆ. ಆ ವಾರದ ಮಳೆಯಲ್ಲಿ ದೋಣಿಯವರು ಬರಲು ಒಪ್ಪಲಿಲ್ಲ ಎಂದು ನೀನು ಆಗಲೇ ಹೇಳಿದ್ದೆ. ಅವರು ಮಾಡಿದ್ದು ಸರಿ, ನೀನು ಹಟ ಮಾಡದೇ ವಾಪಸ್ ಬಂದದ್ದೂ ಸರಿ. ಅದಕ್ಕೆ ನನ್ನ ತಕರಾರೇ ಇಲ್ಲ.

ತಕರಾರು ಇರುವುದು ಕಳೆದ ವಾರ ಕಳಿಸಿದ ಕೋಷ್ಟಕದ ಬಗ್ಗೆ. ದಿವಗಿಯಲ್ಲಿ ಜೂನ್‌ಗೆ ಉಪ್ಪಿನಂಶ 8, ಆಗಸ್ಟ್‌ಗೆ 2, ಜುಲೈಗೆ 5. ಮಿರ್ಜಾನ್‌ನಲ್ಲಿ 12, 4, ನಡುವೆ 8. ಎರಡು ಕಡೆಯೂ ಜುಲೈ ಸರಿಯಾಗಿ ಮಧ್ಯದ ಸಂಖ್ಯೆ. ಸರಾಸರಿ ತೆಗೆದು ತುಂಬಿದ್ದೀಯ, ಅಲ್ವಾ? ಮೋಸ ಮಾಡಬೇಕು ಅಂತ ಮಾಡಿದ್ದಲ್ಲ ಎಂದು ನನಗೆ ಗೊತ್ತು. ಕೋಷ್ಟಕದಲ್ಲಿ ಖಾಲಿ ಮನೆ ನೋಡಿದರೆ ಸಮಿತಿ ಏನನ್ನುತ್ತದೋ ಎಂಬ ಹೆದರಿಕೆ ಅದು. ಆದರೆ ಸ್ವಲ್ಪ ಯೋಚಿಸು. ಈ ನದಿಗೆ ದೊಡ್ಡ ಅಣೆಕಟ್ಟಿಲ್ಲ. ಶಿರಸಿ, ಸಿದ್ದಾಪುರದ ಕಡೆ ಬಿದ್ದ ಮಳೆಯೆಲ್ಲ ನೇರ ಅಳಿವೆಗೆ ಬರುತ್ತದೆ. ಜುಲೈನಲ್ಲಿ ನದಿ ತುಂಬಿ ಹರಿಯುವಾಗ ದಿವಗಿಯ ನೀರಲ್ಲಿ ಉಪ್ಪು ಹೆಚ್ಚುಕಡಿಮೆ ಇರುವುದೇ ಇಲ್ಲ. ಅಲ್ಲಿ 5 ಎಂದು ಬರೆದರೆ ಮಳೆಗಾಲವನ್ನೇ ಅಳಿಸಿದ ಹಾಗೆ. ಸಿಹಿನೀರು ನುಗ್ಗಿದಾಗ ಪಾಫಿಯಾ ಜಾತಿಯ ಬಳಚು ಯಾಕೆ ಅಳಿವೆ ಬಾಯಿಯಲ್ಲೇ ಉಳಿಯುತ್ತದೆ, ವಿಲ್ಲೋರಿಟಾ ಜಾತಿಯದು ಯಾಕೆ ನದಿಯ ಮೇಲ್ಭಾಗದಲ್ಲಿ ಬದುಕುತ್ತದೆ ಎನ್ನುವುದೇ ನಿನ್ನ ಪ್ರಶ್ನೆ. ಉತ್ತರ ಸಿಗುವ ತಿಂಗಳನ್ನೇ ಊಹೆಯಿಂದ ತುಂಬಬಾರದು.

ಆ ಎರಡು ಮನೆ ಖಾಲಿ ಬಿಡು. ಕೆಳಗೆ ಕಾರಣ ಬರೆ. ಈ ವರ್ಷ ಜೂನ್, ಜುಲೈ, ಆಗಸ್ಟ್ ಮೂರೂ ತಿಂಗಳು ನಾಲ್ಕೂ ಜಾಗದಲ್ಲಿ ಮತ್ತೆ ಅಳತೆ ಮಾಡೋಣ. ಹೊಸ ಜುಲೈಯನ್ನು ಹಳೆಯ ಜುಲೈ ಜಾಗಕ್ಕೆ ಹಾಕಬೇಡ, 2025 ಎಂದು ಬೇರೆಯೇ ಸಾಲಿನಲ್ಲಿ ತೋರಿಸು. ಜೂನ್ 25ಕ್ಕೆ, ಜುಲೈ 24ಕ್ಕೆ ಅಮಾವಾಸ್ಯೆ. ಆ ಹೊತ್ತಿಗೆ ಇಳಿತ ಜಾಸ್ತಿ ಇರುತ್ತದೆ, ದಂಡೆಯಿಂದಲೇ ಇಳಿಯಲು ಆಗಬಹುದು. ದೋಣಿ ಬೇಕಾದರೆ ಇಬ್ಬರು ಬೇಕು, ಒಬ್ಬಳೇ ಹೋಗಬೇಡ. ಜುಲೈಗೆ ನಾನೂ ಬರುತ್ತೇನೆ.

ಬಳಚು ತೆಗೆಯುವವರ ಸಂದರ್ಶನ 40 ಎಂದಿದ್ದೆವು, 26 ಆಗಿದೆ. ಸಂಖ್ಯೆ ಕಡಿಮೆ, ಆದರೆ ಇದರಷ್ಟು ಒಳ್ಳೆಯ ಕೆಲಸ ನಿನ್ನಿಂದ ಬೇರೆ ಬಂದಿಲ್ಲ. ನಿನ್ನ ನೋಟ್‌ಬುಕ್‌ನ ಮಾಸೂರಿನ ಪುಟ ಇನ್ನೂ ನನ್ನ ಕಣ್ಣಮುಂದಿದೆ. ಅಂಚಲ್ಲಿ ಒಣಗಿದ ಕೆಸರಿನ ಬೆರಳಚ್ಚು. ಪಕ್ಕದಲ್ಲಿ ಅಜ್ಜಿಯೊಬ್ಬರು ಹೇಳಿದ ಮಾತು: "ಹೆಬ್ಬೆರಳ ಉಗುರಿಗಿಂತ ಸಣ್ಣದ್ದು ಬುಟ್ಟಿಗೆ ಬೇಡ, ನೀರಿಗೇ ಬಿಡು." ಅದರ ಕೆಳಗೆ ನೀನು ಆ ಉಗುರನ್ನು ಸ್ಕೇಲಿನಲ್ಲಿ ಅಳೆದು ಬರೆದಿದ್ದೀಯ. ವರ್ನಿಯರ್‌ನಲ್ಲಿ ಅಳೆದ ಚಿಪ್ಪುಗಳ ಜೊತೆ ಆ ಅಳತೆಯನ್ನು ಹೋಲಿಸು. ಎಷ್ಟು ಗಾತ್ರದ ಮರಿಯನ್ನು ವಾಪಸ್ ನೀರಿಗೆ ಬಿಡುತ್ತಾರೆ ಎಂಬುದು ಒಂದು ಪೂರ್ತಿ ವಿಭಾಗವಾಗುತ್ತದೆ. ಉಳಿದ 14 ಸಂದರ್ಶನಕ್ಕೆ ಸೆಪ್ಟೆಂಬರ್ ಕೊನೆವರೆಗೆ ಸಮಯ ತಗೋ. ಮಳೆಯಲ್ಲಿ ಅವರೂ ಮನೆಯಲ್ಲಿ ಸಿಗುತ್ತಾರೆ. ಗಜನಿ ಗದ್ದೆಯ ಕೆಲಸದ ಹೊತ್ತಿಗೆ ಮಾತ್ರ ತೊಂದರೆ ಕೊಡಬೇಡ.

ವಿಶ್ಲೇಷಣೆಯ ಅಧ್ಯಾಯ ಮೇ ಕೊನೆಗೆ ಬರಬೇಕಿತ್ತು, ಶುರುವೇ ಆಗಿಲ್ಲ. ಇಲ್ಲಿ ಮಾತ್ರ ನಾವು ನಿಜಕ್ಕೂ ಹಿಂದೆ ಇದ್ದೇವೆ. ಪೂರ್ತಿ ಡೇಟಾ ಬರಲಿ ಎಂದು ಕಾಯಬೇಡ. ಅಘನಾಶಿನಿ ಮತ್ತು ಮಾಸೂರಿನ ಹನ್ನೆರಡು ತಿಂಗಳಿನಿಂದಲೇ ಶುರು ಮಾಡಿ ಆಗಸ್ಟ್ 15ಕ್ಕೆ ಕರಡು ಕೊಡು. ಎರಡು ಗ್ರಾಫ್, ನಾಲ್ಕು ಪುಟ ಆದರೂ ಸಾಕು. ಲೇಖನದ ಗಡುವನ್ನು ಜೂನ್‌ನಿಂದ ಡಿಸೆಂಬರ್‌ಗೆ ಹಾಕಿದ್ದೇನೆ.

ಸಮಿತಿಗೆ ಖಾಲಿ ಮನೆಯ ವಿಷಯವನ್ನು ನೀನೇ ಮೊದಲು ಹೇಳು. ನಾನು ಪಕ್ಕದಲ್ಲೇ ಕೂತಿರುತ್ತೇನೆ.

16ನೇ ತಾರೀಕು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಾ. ತಿದ್ದಿದ ಕೋಷ್ಟಕದ ಜೊತೆ ಕೆಸರು ಹತ್ತಿದ ಮೂಲ ನೋಟ್‌ಬುಕ್ಕುಗಳನ್ನೂ ತಗೊಂಡು ಬಾ.

ನಿನ್ನ ಮಾರ್ಗದರ್ಶಕಿ,
ವಸುಧಾ