ಊರ ಹೆಸರು ಬದಲಾದ ಮೆಸೇಜು: ಕುಟುಂಬಗಳಿಗಾಗಿ ಒಂದು ವಿಡಿಯೊ ಸ್ಕ್ರಿಪ್ಟ್

ಅವಧಿ: ಸುಮಾರು 8 ನಿಮಿಷ
ಜಾಗ: ತಿಪಟೂರಿನ ಒಂದು ಮನೆ, ಡಿಸೆಂಬರ್, ಸಂಜೆ ನಾಲ್ಕೂವರೆ
ಪಾತ್ರಗಳು: ರೇಖಾ (ತಾಯಿ), ಅನನ್ಯ (ಮಗಳು, ದ್ವಿತೀಯ ಪಿಯುಸಿ), ಪುಟ್ಟ (ಮಗ, 7 ವರ್ಷ), ಸುಶೀಲಮ್ಮ (ಅಜ್ಜಿ), ಮಂಜುನಾಥ (ತಂದೆ, ಹಾರ್ಡ್‌ವೇರ್ ಅಂಗಡಿ), ರವಿ (ಚಿಕ್ಕಪ್ಪ, ಆಟೊ ಚಾಲಕ)

ಚಿತ್ರೀಕರಣದವರಿಗೆ: ಸುಳ್ಳು ಮೆಸೇಜು ತೆರೆ ಮೇಲೆ ಬಂದಾಗಲೆಲ್ಲ ಅದರ ಮೇಲೆ ಅಡ್ಡಲಾಗಿ ಕೆಂಪಕ್ಷರದಲ್ಲಿ "ಸುಳ್ಳು" ಎಂಬ ಮುದ್ರೆ ಇರಲೇಬೇಕು. ಮೂಲೆಯಲ್ಲಿಟ್ಟರೆ ಕತ್ತರಿಸಿ ತೆಗೆಯುತ್ತಾರೆ, ಆಮೇಲೆ ನಮ್ಮ ವಿಡಿಯೊ ತುಣುಕೇ ಹೊಸ ಫಾರ್ವರ್ಡ್ ಆಗುತ್ತದೆ. ಕಂಬಳಿ ಮಾರುವವರನ್ನು ತೋರಿಸುವಾಗ ಹೆದರಿಸುವ ಸಂಗೀತ ಬೇಡ.

---

ದೃಶ್ಯ 1. ಅಡುಗೆಮನೆ

(ರೇಖಾ ಅವರೆಕಾಯಿ ಬಿಡಿಸುತ್ತಿದ್ದಾಳೆ. ಪಕ್ಕದಲ್ಲಿಟ್ಟ ಫೋನ್ ಒಂದರ ಹಿಂದೊಂದು ಮೂರು ಸಲ ಸದ್ದು ಮಾಡುತ್ತದೆ. "ನಮ್ಮ ಮನೆ" ಗ್ರೂಪಿಗೆ ರವಿ ಕಳಿಸಿದ್ದು: ಒಂದು ಬರಹ, ಒಂದು ವಿಡಿಯೊ, ಒಂದು ವಾಯ್ಸ್ ಮೆಸೇಜ್. ಬರಹ ತೆರೆ ತುಂಬ ಬರಲಿ, ಓದಲು 12 ಸೆಕೆಂಡ್ ಬಿಡಿ.)

> ⚠️ತುರ್ತು ಎಚ್ಚರಿಕೆ⚠️ ಇಂದು ನಮ್ಮ ತಿಪಟೂರಿಗೆ 15 ರಿಂದ 20 ಜನ ಮಕ್ಕಳ ಕಳ್ಳರು ಬಂದಿದ್ದಾರೆ. ಕಂಬಳಿ ಮಾರುವ ವೇಷದಲ್ಲಿ ಮನೆ ಮನೆಗೆ ಬರುತ್ತಾರೆ. ನಿನ್ನೆ 3 ಮಕ್ಕಳನ್ನು ಹೊತ್ತೊಯ್ದಿದ್ದಾರೆ. ಟಿವಿಯವರು ಇದನ್ನು ತೋರಿಸುವುದಿಲ್ಲ. ಪೋಲಿಸ್ ಇಲಾಕೆಯ ಆದೇಶ. ನಿಮ್ಮ ಮಕ್ಕಳ ಮೇಲೆ ಪ್ರೀತಿ ಇದ್ದರೆ ಎಲ್ಲಾ ಗ್ರೂಪಿಗೂ ಕಳಿಸಿ🙏

ರೇಖಾ: ಅತ್ತೆ, ಇಲ್ನೋಡಿ! ರವಿ ಏನೋ ಕಳ್ಸಿದಾನೆ.

ಸುಶೀಲಮ್ಮ: (ಓದಿಸಿಕೊಂಡು) ಅಯ್ಯೋ ಶಿವನೇ! ಬೆಳಿಗ್ಗೆ ಕಂಬಳಿಯೋನು ನಮ್ಮ ಬಾಗ್ಲಿಗೇ ಬಂದಿದ್ನಲ್ಲೇ!

(ರೇಖಾಳ ಹೆಬ್ಬೆರಳು ಫಾರ್ವರ್ಡ್ ಬಾಣದ ಮೇಲೆ. ಪಟ್ಟಿಯಲ್ಲಿ ಪುಟ್ಟನ ಶಾಲೆಯ ತಾಯಂದಿರ ಗ್ರೂಪು.)

ನಿರೂಪಣೆ: ಚಳಿಗಾಲದಲ್ಲಿ ಕಂಬಳಿ ಮಾರುವವರು ಪ್ರತಿ ವರ್ಷ ಬರುತ್ತಾರೆ. ಮೆಸೇಜು ಹೇಳಿದ್ದು ಕಣ್ಣೆದುರಿಗೇ ಬಂದು ನಿಂತಂತೆ ಕಾಣುವುದು ಅದಕ್ಕೇ. ಬೇಸಿಗೆಯಲ್ಲಾದರೆ ಇದೇ ಮೆಸೇಜಿನಲ್ಲಿ ಐಸ್‌ಕ್ರೀಮ್ ಗಾಡಿಯವನಿರುತ್ತಾನೆ.

ದೃಶ್ಯ 2. ಅಲ್ಲೇ

ಅನನ್ಯ: ಅಮ್ಮಾ, ಕಳಿಸ್ಬೇಡ, ಒಂದ್ನಿಮಿಷ. ಪುಟ್ಟ ಎಲ್ಲಿ?

ರೇಖಾ: ಪಕ್ಕದ್ಮನೇಲಿ ಆಡ್ತಿದಾನೆ.

ಅನನ್ಯ: ಮೊದ್ಲು ಅವ್ನನ್ನ ಕರಿ.

(ಪುಟ್ಟ ಒಳಗೆ ಬರುತ್ತಾನೆ, ಕೈಯಲ್ಲಿ ಬ್ಯಾಟು. ರೇಖಾ ಕೂತು ನೀರು ಕುಡಿಯುತ್ತಾಳೆ.)

ನಿರೂಪಣೆ: ಮಗು ಒಳಗಿದೆ. ಇನ್ನು ಈ ಮೆಸೇಜನ್ನು ಅರ್ಧ ಗಂಟೆ ತಡವಾಗಿ ಕಳಿಸಿದರೂ, ಕಳಿಸದೇ ಇದ್ದರೂ ಪುಟ್ಟನಿಗೆ ಏನೂ ಆಗುವುದಿಲ್ಲ. ಭಯಕ್ಕೆ ಮಾಡಬೇಕಾದ ಕೆಲಸ ಮುಗಿಯಿತು. ಈಗ ಮೆಸೇಜನ್ನು ನೋಡಬಹುದು.

ದೃಶ್ಯ 3. ಹಾಲ್

(ಫೋನ್ ತೆರೆಯ ಸಮೀಪ ಚಿತ್ರ. ಅನನ್ಯ ವಿಡಿಯೊ ಮೇಲಿನ ಎರಡು ಬಾಣದ ಗುರುತನ್ನು ತೋರಿಸುತ್ತಾಳೆ.)

ಅನನ್ಯ: ನೋಡಿ ಅಜ್ಜಿ, ಜೋಡಿ ಬಾಣ. `Forwarded many times` ಅಂತಿದೆ. ಅಂದ್ರೆ ಕನಿಷ್ಠ ಐದು ಕೈ ದಾಟಿ ಬಂದಿದೆ. ಚಿಕ್ಕಪ್ಪ ಮಾಡಿದ ವಿಡಿಯೊ ಅಲ್ಲ.

ಸುಶೀಲಮ್ಮ: ಬರ್ದಿರೋದಕ್ಕೆ ಬಾಣಾನೇ ಇಲ್ವಲ್ಲ. ಹಂಗಾದ್ರೆ ಅದು ನಮ್ ರವೀನೇ ಬರ್ದಿದ್ದೇನೋ?

ನಿರೂಪಣೆ: ಅಜ್ಜಿಯ ಪ್ರಶ್ನೆ ಸರಿಯಾಗಿದೆ. ಬರಹವನ್ನು ಕಾಪಿ ಮಾಡಿ ಪೇಸ್ಟ್ ಮಾಡಿದರೆ ಬಾಣದ ಗುರುತು ಅಳಿಸಿಹೋಗುತ್ತದೆ. ರವಿ ಮಾಡಿದ್ದೂ ಅದೇ. ಗುರುತು ಇದ್ದರೆ ಎಚ್ಚರ ವಹಿಸಿ. ಇಲ್ಲದಿದ್ದರೆ ಅದರಿಂದ ಏನೂ ತೀರ್ಮಾನಿಸಬೇಡಿ.

(ಬರಹ ಮತ್ತೆ ತೆರೆ ಮೇಲೆ. "ಇಂದು", "ನಿನ್ನೆ", "3 ಮಕ್ಕಳನ್ನು" ಎಂಬ ಮಾತುಗಳ ಸುತ್ತ ಒಂದೊಂದಾಗಿ ವೃತ್ತ.)

ಅನನ್ಯ: ಇಂದು ಅಂದ್ರೆ ಯಾವತ್ತು? ತಾರೀಖಿಲ್ಲ. ಮೂರು ಮಕ್ಕಳು ಅಂದ್ರೆ ಯಾವ ಬೀದಿ, ಯಾವ ಶಾಲೆ? ತಿಪಟೂರಲ್ಲಿ ಒಂದೇ ದಿನ ಮೂರು ಮಕ್ಕಳು ಕಾಣೆಯಾಗಿದ್ರೆ ನಮ್ಗೆ ವಾಟ್ಸ್ಆ್ಯಪ್ ಬೇಕಿತ್ತಾ ಅಮ್ಮಾ? ನಲ್ಲಿ ಹತ್ರಾನೇ ಗೊತ್ತಾಗ್ತಿತ್ತು.

ನಿರೂಪಣೆ: ತಾರೀಖಿಲ್ಲದ "ಇಂದು" ಎಂದೂ ಹಳೆಯದಾಗುವುದಿಲ್ಲ, ಮುಂದಿನ ವರ್ಷ ಓದಿದರೂ ಇಂದೇ. "ಟಿವಿಯವರು ತೋರಿಸುವುದಿಲ್ಲ" ಎಂಬ ಸಾಲಿಗೂ ಒಂದು ಕೆಲಸವಿದೆ. ಸುದ್ದಿಯಲ್ಲಿ ಹುಡುಕಿ ಸಿಗದಿದ್ದಾಗ ನಿಮಗೆ ಬರಬೇಕಾದ ಅನುಮಾನವನ್ನು ಅದು ಮೊದಲೇ ಅಡಗಿಸಿಬಿಡುತ್ತದೆ.

ದೃಶ್ಯ 4. ಅಲ್ಲೇ, ರೇಖಾಳ ಫೋನ್

ಅನನ್ಯ: ವಾಟ್ಸ್ಆ್ಯಪ್ ಮೇಲ್ಗಡೆ ಹುಡುಕೋ ಜಾಗ ಇದ್ಯಲ್ಲಮ್ಮ, ಅಲ್ಲಿ ಊರ ಹೆಸ್ರು ಹಾಕ್ಬೇಡ. ಬೇರೆ ಯಾರೂ ಬಳಸದ ಮೂರು ಪದ ಹಾಕು. "ಕಂಬಳಿ ಮಾರುವ ವೇಷದಲ್ಲಿ."

(ರೇಖಾ ಟೈಪ್ ಮಾಡುತ್ತಾಳೆ. ಎರಡು ಫಲಿತಾಂಶ. ಒಂದು ಈಗಿನದು. ಇನ್ನೊಂದು "ತವರುಮನೆ ಚಳ್ಳಕೆರೆ" ಗ್ರೂಪಿನಲ್ಲಿ, ಮೂರು ವಾರ ಹಿಂದಿನದು. ಗ್ರೂಪು ಮ್ಯೂಟ್ ಆಗಿದ್ದರಿಂದ ಅವಳು ನೋಡಿರಲಿಲ್ಲ. ಎರಡೂ ಮೆಸೇಜು ಅಕ್ಕಪಕ್ಕ ಬರಲಿ.)

ರೇಖಾ: (ನಿಧಾನವಾಗಿ ಓದುತ್ತ) "ಇಂದು ನಮ್ಮ *ಚಳ್ಳಕೆರೆಗೆ* 15 ರಿಂದ 20 ಜನ"... ಮೂರು ಮಕ್ಳು... ಅಲ್ಲೂ "ಪೋಲಿಸ್ ಇಲಾಕೆ"ನೇ ಕಣೇ! ತಪ್ಪೂ ಒಂದೇ ಥರ!

ಸುಶೀಲಮ್ಮ: ಊರೊಂದು ಬದ್ಲಾಯ್ಸವ್ರೆ. ಉಳ್ದಿದ್ದೆಲ್ಲ ಹಂಗೇ ಐತೆ.

ನಿರೂಪಣೆ: ಕಾಗುಣಿತದ ತಪ್ಪು ಇದ್ದ ಮಾತ್ರಕ್ಕೆ ಮೆಸೇಜು ಸುಳ್ಳಾಗದು. ಪ್ರಾಮಾಣಿಕರೂ ತಪ್ಪು ಬರೆಯುತ್ತಾರೆ, ಚೊಕ್ಕ ಕನ್ನಡದ ಸುಳ್ಳುಗಳೂ ಬೇಕಾದಷ್ಟಿವೆ. ಆದರೆ ಎರಡು ಊರಿನ ಮೆಸೇಜಿನಲ್ಲಿ ಒಂದೇ ತಪ್ಪು, ಒಂದೇ ಲೆಕ್ಕ ಇದ್ದರೆ ಒಂದರಿಂದ ಇನ್ನೊಂದನ್ನು ಇಳಿಸಿಕೊಂಡಿದ್ದಾರೆ ಎಂದರ್ಥ. ನಿಮ್ಮ ಫೋನಿನಲ್ಲಿ ಸಿಗದಿದ್ದರೆ ಅದೇ ಪದಗಳನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಗೂಗಲ್‌ನಲ್ಲಿ ಹುಡುಕಿ.

ದೃಶ್ಯ 5. ಅಲ್ಲೇ

ರೇಖಾ: ಬರಹ ಬಿಡು. ವಿಡಿಯೊದಲ್ಲಿ ಮಗೂನ ಬೈಕಲ್ಲಿ ಎತ್ಕೊಂಡು ಹೋಗ್ತಿರೋದು ಕಣ್ಣಾರೆ ಕಾಣ್ತಿದ್ಯಲ್ಲ?

(ವಿಡಿಯೊದ ಮಸುಕು ಮಾಡಿದ ಸ್ಥಿರಚಿತ್ರ ಮಾತ್ರ, ಮುದ್ರೆಯೊಂದಿಗೆ. ಅನನ್ಯಳ ಬೆರಳಿನ ಚಲನೆ ಪೂರ್ತಿ ಕಾಣಲಿ.)

ಅನನ್ಯ: ವಿಡಿಯೊ ನಿಲ್ಸಿ ಸ್ಕ್ರೀನ್‌ಶಾಟ್ ತಗೋತೀನಿ. ಅಲುಗಾಡ್ತಿರೋ ಜಾಗ ಬೇಡ, ಬೀದಿ, ಗೋಡೆ ಸ್ಪಷ್ಟವಾಗಿರ್ಬೇಕು. ಮೇಲೆ ಯಾರೋ ಸೇರಿಸಿರೋ ಕನ್ನಡ ಅಕ್ಷರ ಕ್ರಾಪ್ ಮಾಡ್ಬೇಕು, ಇಲ್ದಿದ್ರೆ ಅದನ್ನೇ ಹುಡುಕುತ್ತೆ. ಈಗ ಗೂಗಲ್ ಆ್ಯಪ್, ಹುಡುಕೋ ಪಟ್ಟೀಲಿ ಕ್ಯಾಮೆರಾ ಗುರುತು ಒತ್ತಿ ಈ ಚಿತ್ರ ಆರಿಸ್ತೀನಿ.

ನಿರೂಪಣೆ: ಮೊದಲು ಕಂಡ ಫಲಿತಾಂಶವನ್ನೇ ನಂಬಬೇಡಿ. ಇದೇ ಸುಳ್ಳನ್ನು ಹಂಚಿದ ಬೇರೆ ಪೋಸ್ಟುಗಳೂ ಬರುತ್ತವೆ, ಬರೀ ಹೋಲುವ ಬೇರೆ ಬೀದಿಗಳೂ ಬರುತ್ತವೆ. ತಾರೀಖು ನೋಡುತ್ತ ಅತ್ಯಂತ ಹಳೆಯದಕ್ಕೆ ಹೋಗಿ. ಒಂದು ಚಿತ್ರದಿಂದ ಸಿಗದಿದ್ದರೆ ಬೇರೆ ಎರಡು ಮೂರು ಕಡೆ ನಿಲ್ಲಿಸಿ ನೋಡಿ. ಏನೂ ಸಿಗಲಿಲ್ಲ ಎಂದರೆ ವಿಡಿಯೊ ನಿಜ ಎಂದಲ್ಲ.

(ಅನನ್ಯಳ ಮುಖ. ಸಿಕ್ಕಿದೆ.)

ನಿರೂಪಣೆ: ಈ ವಿಡಿಯೊ ಪಾಕಿಸ್ತಾನದ ಕರಾಚಿಯದು. ಮಕ್ಕಳ ಸುರಕ್ಷತೆಯ ಬಗ್ಗೆ ಅರಿವು ಮೂಡಿಸಲು ನಟರನ್ನಿಟ್ಟು ಮಾಡಿದ್ದು. ಪೂರ್ತಿ ನೋಡಿದರೆ ಬೈಕಿನವರು ಮಗುವನ್ನು ವಾಪಸ್ ತಂದುಬಿಟ್ಟು, ಕರಾಚಿಯ ಬೀದಿಯಿಂದ ಮಗುವನ್ನು ಒಯ್ಯಲು ಕ್ಷಣ ಸಾಕು ಎಂಬ ಫಲಕ ಹಿಡಿಯುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದರು. 2018ರಲ್ಲಿ ಭಾರತದ ಹಲವು ರಾಜ್ಯಗಳಲ್ಲಿ ಇದು ಹರಿದಾಡಿತು.

(ಕಪ್ಪು ತೆರೆ. ಮರುಸೃಷ್ಟಿ ದೃಶ್ಯ ಬೇಡ. ಸಂಗೀತ ಇಲ್ಲ.)

ನಿರೂಪಣೆ: ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಸತ್ತರು. ಅವರ ಜೊತೆಗಾರರು ಮಾಡಿದ್ದು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದು. ಅವರ ಕಾರಿಗಿಂತ ಮುಂಚೆ ಮುಂದಿನ ಊರಿಗೆ ವಾಟ್ಸ್ಆ್ಯಪ್ ಮೆಸೇಜು ತಲುಪಿತ್ತು.

(ಮೂರು ಸೆಕೆಂಡ್ ಮೌನ.)

ದೃಶ್ಯ 6. ಹಾರ್ಡ್‌ವೇರ್ ಅಂಗಡಿ

(ಮಂಜುನಾಥ ವಾಯ್ಸ್ ಮೆಸೇಜ್ ಕೇಳುತ್ತಿದ್ದಾನೆ: "ನಾನು ಎಸ್ಐ ಮಾತಾಡ್ತಿರೋದು, ಎಲ್ರೂ ಹುಷಾರಾಗಿರಿ...")

ಮಂಜುನಾಥ: ಎಸ್ಐ ಅಂತಾನೆ, ಹೆಸ್ರಿಲ್ಲ. ಯಾವ ಠಾಣೆ ಅಂತಾನೂ ಇಲ್ಲ.

(ಅವನು ಮೆಸೇಜಿನಲ್ಲಿರುವ ನಂಬರಿಗೆ ಕರೆ ಮಾಡುವುದಿಲ್ಲ. ಜಿಲ್ಲಾ ಪೊಲೀಸ್ ವೆಬ್‌ಸೈಟ್ ತೆರೆದು ಠಾಣೆಯ ನಂಬರ್ ತೆಗೆಯುತ್ತಾನೆ. ನಂಬರ್ ಮಸುಕು.)

ಠಾಣೆಯ ಧ್ವನಿ: ಅಂಥ ಕೇಸ್ ಯಾವ್ದೂ ಇಲ್ಲ ಸಾರ್. ಆದೇಶಾನೂ ಕೊಟ್ಟಿಲ್ಲ. ಯಾರ ಮೇಲಾದ್ರೂ ಅನುಮಾನ ಬಂದ್ರೆ 112ಕ್ಕೆ ಮಾಡಿ. ಜನ ಸೇರ್ಸ್ಕೊಂಡು ನಿಲ್ಸೋಕೆ ಹೋಗ್ಬೇಡಿ.

ದೃಶ್ಯ 7. ಹಾಲ್ ಮತ್ತು ಆಟೊ ನಿಲ್ದಾಣ, ಅಕ್ಕಪಕ್ಕ

(ರೇಖಾ "ನಮ್ಮ ಮನೆ" ಗ್ರೂಪಿನಲ್ಲಿ ಟೈಪ್ ಮಾಡತೊಡಗುತ್ತಾಳೆ: "ರವಿ, ಇದು ಶುದ್ಧ ಸುಳ್ಳು..." ಅಜ್ಜಿ ಕೈ ಹಿಡಿಯುತ್ತಾಳೆ.)

ಸುಶೀಲಮ್ಮ: ಬೀಗ್ರೆಲ್ಲ ಇರೋ ಗ್ರೂಪಲ್ಲಿ ಅವ್ನ ಮರ್ಯಾದೆ ತೆಗೀಬೇಡ. ಫೋನ್ ಮಾಡು.

ರವಿ: (ಫೋನಿನಲ್ಲಿ) ಅತ್ತಿಗೆ, ನಾನೇನ್ ಸುಳ್ ಹೇಳ್ತೀನಾ? ಸ್ಟ್ಯಾಂಡ್ ಗ್ರೂಪಲ್ಲಿ ಬಂತು. ಇವತ್ತು ಶಾಲೆ ಮಕ್ಳು ಏಳು ಜನ ನನ್ನ ಗಾಡೀಲಿದ್ರು, ಭಯ ಆಯ್ತು.

ರೇಖಾ: ನಂಗೂ ಆಯ್ತು ಕಣಪ್ಪ. ಚಳ್ಳಕೆರೆ ಮೆಸೇಜ್ ಕಳಿಸ್ತೀನಿ, ನೀನೇ ಓದಿ ನೋಡು.

(ರವಿ ಆಟೊದಲ್ಲಿ ಕೂತು ಓದುತ್ತಾನೆ. ತಲೆ ಕೆರೆದುಕೊಳ್ಳುತ್ತಾನೆ.)

ರವಿ: ...ಅದ್ರಲ್ಲೂ "ಇಲಾಕೆ"ನಾ!

ನಿರೂಪಣೆ: ಅಳಿಸಲು ಮೆಸೇಜನ್ನು ಒತ್ತಿ ಹಿಡಿದು, ಡಿಲೀಟ್ ಗುರುತು ಮುಟ್ಟಿ, `Delete for everyone` ಆರಿಸಿ. ಇದು ಕಳಿಸಿದ ಮೇಲೆ ಎರಡು ದಿನ ಚಿಲ್ಲರೆ ಮಾತ್ರ ಸಿಗುತ್ತದೆ. `Delete for me` ಒತ್ತಿದರೆ ನಿಮ್ಮ ಫೋನಿನಿಂದಷ್ಟೇ ಹೋಗುತ್ತದೆ, ಗಾಬರಿಯಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಬೇರೆಯವರು ಆಗಲೇ ಮುಂದಕ್ಕೆ ಕಳಿಸಿದ ಪ್ರತಿಗಳು ಮಾತ್ರ ಅಳಿಯುವುದಿಲ್ಲ. ಹಾಗಾಗಿ ಅಳಿಸಿ ಸುಮ್ಮನಾಗದೆ, ಕಳಿಸಿದ್ದ ಪ್ರತಿ ಗ್ರೂಪಿಗೂ ತಿದ್ದುಪಡಿ ಹಾಕಬೇಕು. ಜನರಲ್ಲಿ ಭೀತಿ ಹುಟ್ಟಿಸುವ ವದಂತಿ ಹರಡುವುದು ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಮಿನಡಿ ಅಪರಾಧವಾಗಬಹುದು, ಮೂರು ವರ್ಷದವರೆಗೆ ಶಿಕ್ಷೆಗೂ ಅವಕಾಶವಿದೆ.

(ರವಿ ಧ್ವನಿಯಲ್ಲೇ ಬರೆಸುತ್ತಾನೆ, ಅಕ್ಷರಗಳು ತೆರೆ ಮೇಲೆ ಮೂಡುತ್ತವೆ. ಹಳೆಯ ಮೆಸೇಜಿನ ಸ್ಕ್ರೀನ್‌ಶಾಟ್ ಜೊತೆಗಿಲ್ಲ.)

> ಸ್ನೇಹಿತರೇ, ನಾನು 4.30ಕ್ಕೆ ಹಾಕಿದ್ದ ಮಕ್ಕಳ ಕಳ್ಳರ ಮೆಸೇಜು ಸುಳ್ಳು. ವಿಡಿಯೊ ಕರಾಚಿಯದು, ನಟರು ಮಾಡಿದ್ದು. ಅಣ್ಣ ಠಾಣೆಗೆ ಫೋನ್ ಮಾಡಿ ಕೇಳಿದ, ಅಂಥ ಕೇಸ್ ಇಲ್ಲ. ಮುಂದಕ್ಕೆ ಕಳಿಸಿದ್ದರೆ ದಯವಿಟ್ಟು ಅಲ್ಲೂ ತಿಳಿಸಿ. ರವಿ.

(ಆಟೊ ಸ್ಟ್ಯಾಂಡ್ ಗ್ರೂಪಿನಲ್ಲಿ ಉತ್ತರ: "ಅಣ್ಣ, ನಮ್ಮ ಮಾವನ ಊರು ಹೊಸದುರ್ಗದಲ್ಲೂ ಇದೇ ಬಂದಿತ್ತು.")

ಕೊನೆಯ ಫಲಕ (8 ಸೆಕೆಂಡ್):
ತುರ್ತು ನೆರವು: 112
ಮಕ್ಕಳ ಸಹಾಯವಾಣಿ: 1098