ಭೇಟಿಗೆ ಸಮಯ ಕೋರಿ ಜಿಲ್ಲಾಧಿಕಾರಿಗಳಿಗೆ ಪತ್ರ

ಬದಿಯಡ್ಕ
3 ಫೆಬ್ರವರಿ 2025

ಇವರಿಂದ:
ಗೋವಿಂದ ಭಟ್
ಅಡಿಕೆ ಕೃಷಿಕ
ಬದಿಯಡ್ಕ ಅಂಚೆ, ಕಾಸರಗೋಡು ತಾಲೂಕು

ಇವರಿಗೆ:
ಮಾನ್ಯ ಜಿಲ್ಲಾಧಿಕಾರಿಗಳು
ಸಿವಿಲ್ ಸ್ಟೇಷನ್, ವಿದ್ಯಾನಗರ, ಕಾಸರಗೋಡು

ವಿಷಯ: ಡಿಜಿಟಲ್ ಸರ್ವೆಯಲ್ಲಿ ತೋಡು ಪುರಂಬೋಕು ಎಂದು ಸೇರಿರುವ ನಮ್ಮ 34 ಸೆಂಟ್ಸ್ ಅಡಿಕೆ ತೋಟದ ಬಗ್ಗೆ ಮಾತಾಡಲು ತಮ್ಮ ಹದಿನೈದು ನಿಮಿಷ ಕೋರಿ.

ಮಾನ್ಯರೇ,

ನಮಸ್ಕಾರ. ನಮ್ಮ ಜಾಗದ ಗಡಿಯ ಬಗ್ಗೆ ಕೊಟ್ಟ ದೂರು ಬಹಳ ಸಮಯದಿಂದ ಇತ್ಯರ್ಥವಾಗದೆ ಉಳಿದಿದೆ. ಅದನ್ನು ಮೂಲ ಆಧಾರದ ಸಮೇತ ತಮ್ಮ ಮುಂದಿಡಲು ಒಂದು ಭೇಟಿಗೆ ಅವಕಾಶ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ತಮಗೆ ಅನುಕೂಲವಾದ ಯಾವ ದಿನವಾದರೂ ಸರಿ, ಮಳೆಗಾಲಕ್ಕೆ ಮೊದಲು ಆದರೆ ದೊಡ್ಡ ಉಪಕಾರ. ಮಳೆಯ ಮಾತು ಯಾಕೆ ಬಂತು ಎಂಬುದನ್ನು ಕೆಳಗೆ ಬರೆದಿದ್ದೇನೆ.

ಜಾಗ ಒಟ್ಟು 1 ಎಕರೆ 12 ಸೆಂಟ್ಸ್. ನನ್ನ ಅಜ್ಜ 1938ರಲ್ಲಿ ಕ್ರಯಕ್ಕೆ ತೆಗೆದುಕೊಂಡದ್ದು. ಆಗ ನಮ್ಮ ಊರು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇತ್ತು. ಹಾಗಾಗಿ ಆಧಾರ ಪೂರ್ತಿ ಕನ್ನಡದಲ್ಲಿದೆ, ಅದೂ ಬರಹಗಾರರ ಕೂಡಿಸಿ ಬರೆದ ಕೈಬರಹ. ಹೊಸ ನಕ್ಷೆಯಲ್ಲಿ ನಮ್ಮ ಪಾಲಿಗೆ 78 ಸೆಂಟ್ಸ್ ಮಾತ್ರ ಬಂದಿದೆ. ಉಳಿದ 34 ಸೆಂಟ್ಸ್ ಪುರಂಬೋಕು.

ಇದು ಹೇಗಾಯಿತು ಎಂದು ಜಾಗದಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ತೋಟದ ಮೂಡು ಬದಿಯಲ್ಲಿ ತೋಡು ಇದೆ. ತೋಡಿನಿಂದ ಈಚೆ, ತೋಟದ ಒಳಗೆ, ಒಂದು ಹಳೆಯ ಕಣಿ ಇದೆ. ಗುಡ್ಡೆಯ ನೀರು ಇಳಿದುಹೋಗಲು ಹಿರಿಯರು ತೋಡಿಸಿದ್ದು. ಕಣಿಗೂ ತೋಡಿಗೂ ನಡುವಿನ ತುಂಡೇ ಆ 34 ಸೆಂಟ್ಸ್. ಅಲ್ಲಿರುವ ಅಡಿಕೆ ಮರಗಳನ್ನು ನೆಟ್ಟವರು ನನ್ನ ತಂದೆ. ಬೇಸಿಗೆಯಲ್ಲಿ ಕಣಿ ಒಣಗಿ ತರಗೆಲೆ ತುಂಬಿರುತ್ತದೆ, ಮಕ್ಕಳೂ ದಾಟುತ್ತಾರೆ. ಆಟಿಯಲ್ಲಿ ಮಾತ್ರ ಅದು ತೋಡಿನಷ್ಟೇ ಜೋರಾಗಿ ಹರಿಯುತ್ತದೆ. ಸರ್ವೆಯವರು ಬಂದದ್ದು ಆ ಸಮಯಕ್ಕೇ. ಎರಡು ನೀರು ಅಕ್ಕಪಕ್ಕ ಹರಿಯುವಾಗ ಯಾವುದು ತೋಡು, ಯಾವುದು ಕಣಿ ಎಂದು ಹೊಸಬರಿಗೆ ಹೇಗೆ ಗೊತ್ತಾಗಬೇಕು? ಕೊಡೆ ಹಿಡಿದುಕೊಂಡು ಕೆಸರಿನಲ್ಲಿ ಅಳತೆ ಮಾಡಿದ ಆ ಹುಡುಗರ ಮೇಲೆ ನನಗೆ ಸಿಟ್ಟೇನೂ ಇಲ್ಲ. ಗಡಿಯ ಗೆರೆ ಮಾತ್ರ ಕಣಿಯ ಮೇಲೆ ಬಿದ್ದುಬಿಟ್ಟಿದೆ.

ಆಧಾರದಲ್ಲಿ ಚೆಕ್ಕುಬಂದಿ ಸ್ಪಷ್ಟವಾಗಿದೆ. ಮೂಡಕ್ಕೆ ಕಣಿ ಸಹಿತ ತೋಡಿನವರೆಗೆ, ತೆಂಕಕ್ಕೆ ಅಗಳು, ಪಡುವಕ್ಕೆ ಗುಡ್ಡೆಯ ಬುಡ, ಬಡಗಕ್ಕೆ ನೆರೆಯವರ ಬಾಗಾಯ್ತು. ಆ ಸಾಲು ಇರುವುದು ಎರಡನೇ ಹಾಳೆಯ ಮಡಿಕೆಯಲ್ಲಿ. ಶಾಯಿ ಕಂದಿದೆ. ಜೆರಾಕ್ಸ್ ಮಾಡಿದರೆ ಆ ಜಾಗದಲ್ಲಿ ಬರೀ ಕಪ್ಪು ಗೆರೆ ಬರುತ್ತದೆ. ಮೂಲ ಪ್ರತಿಯನ್ನು ಬೆಳಕಿಗೆ ಹಿಡಿದರೆ ಓದಲು ಬರುತ್ತದೆ. ಇದನ್ನು ಅಂಚೆಯಲ್ಲಿ ಕಳಿಸಲು ಧೈರ್ಯ ಸಾಲದು. ನಾನು ಭೇಟಿ ಕೇಳುತ್ತಿರುವುದಕ್ಕೆ ಮುಖ್ಯ ಕಾರಣವೇ ಇದು.

ಕ್ರಮ ಪ್ರಕಾರ ದೂರು ಕೊಟ್ಟು ರಶೀದಿ ಪಡೆದಿದ್ದೇನೆ. ಗ್ರಾಮ ಕಚೇರಿಯಲ್ಲೂ ತಾಲೂಕು ಕಚೇರಿಯಲ್ಲೂ ಸಿಬ್ಬಂದಿ ಮರ್ಯಾದೆಯಿಂದಲೇ ಮಾತಾಡಿಸಿದ್ದಾರೆ. ಆದರೆ ಒಂದು ಕಡೆ ತೀರ್ವೆ ಪುಸ್ತಕ ಇದೆ, ಇನ್ನೊಂದು ಕಡೆ ನಕ್ಷೆ ಇದೆ, ಆಧಾರ ನನ್ನ ಮನೆಯ ಕಪಾಟಿನಲ್ಲಿದೆ. ಈ ಮೂರೂ ಇಷ್ಟರವರೆಗೆ ಒಂದೇ ಮೇಜಿನ ಮೇಲೆ ಬಂದಿಲ್ಲ. ಒಬ್ಬೊಬ್ಬರೂ ತಮ್ಮ ಕೈಯಲ್ಲಿರುವ ಕಾಗದವನ್ನು ನೋಡಿ ಸರಿಯಾದ ಉತ್ತರವನ್ನೇ ಕೊಡುತ್ತಾರೆ, ಕೆಲಸ ಮಾತ್ರ ಮುಂದೆ ಹೋಗುವುದಿಲ್ಲ. ಅದಾಲತ್‌ನಲ್ಲಿ ಹೇಳಬಹುದಲ್ವಾ ಎಂದು ಕೆಲವರು ಸಲಹೆ ಕೊಟ್ಟರು. ಅಲ್ಲಿನ ಜನಜಂಗುಳಿಯಲ್ಲಿ ಇಂಥ ಹಳೆಯ ಕಾಗದ ಬಿಚ್ಚಿ ತೋರಿಸುವುದು ಕಷ್ಟ. ಸುಮ್ನೆ ಇನ್ನೊಂದು ಅರ್ಜಿ ಜಾಸ್ತಿ ಆಗುತ್ತದೆ ಅಷ್ಟೇ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಭೇಟಿಯ ದಿನ ಸರ್ವೆ ವಿಭಾಗದ ಒಬ್ಬರು ನಮ್ಮ ಜಾಗದ ನಕ್ಷೆಯೊಂದಿಗೆ ಇರಬೇಕು. ಕನ್ನಡದ ಹಳೆಯ ಕೈಬರಹ ಓದಬಲ್ಲ ಸಿಬ್ಬಂದಿ ಒಬ್ಬರು ಇದ್ದರೆ ತುಂಬ ಒಳ್ಳೆಯದು. ನಾನು ಓದಿ ಹೇಳಬಲ್ಲೆ. ಆದರೆ ಜಾಗ ನನ್ನದು, ಓದುವವನೂ ನಾನೇ ಎಂದಾದರೆ ಅದು ಸರಿ ಕಾಣುವುದಿಲ್ಲ. ಅಂದೇ ತೀರ್ಮಾನ ಕೊಡಬೇಕೆಂದು ಕೇಳುತ್ತಿಲ್ಲ. ಕಾಗದ ನೋಡಿದ ಮೇಲೆ ಜಾಗ ಪರಿಶೀಲನೆಗೆ ಒಂದು ದಿನ ಗೊತ್ತುಮಾಡಿಸಿದರೆ ಸಾಕು. ಕಣಿ ಈಗ ಒಣಗಿದೆ. ಮೇ ತಿಂಗಳವರೆಗೆ ಯಾರು ಬಂದು ನೋಡಿದರೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಮಳೆ ಹಿಡಿದರೆ ಮತ್ತೆ ಮುಂದಿನ ಬೇಸಿಗೆಗೆ ಕಾಯಬೇಕು, ಅಷ್ಟರಲ್ಲಿ ಸರ್ವೆಯ ಅಂತಿಮ ಪ್ರಕಟಣೆ ಆಗಿಹೋದರೆ ತಿದ್ದಿಸುವುದು ಇನ್ನೂ ಕಷ್ಟವಾಗುತ್ತದೆ.

ಮನೆಯ ವಿಷಯ ಜಾಸ್ತಿ ಬರೆಯುವುದಿಲ್ಲ. ತಂದೆ ತೀರಿಕೊಂಡ ಮೇಲೆ ನಾನೂ ತಂಗಿಯೂ ಪಾಲು ಮಾಡಿಕೊಳ್ಳಲು ಒಪ್ಪಿದ್ದೇವೆ, ನಮ್ಮೊಳಗೆ ತಕರಾರು ಇಲ್ಲ. ಅವಳ ಪಾಲಿಗೆ ಬರಬೇಕಾದದ್ದು ಇದೇ ಮೂಡು ಬದಿಯ ತುಂಡು. ಅದರ ತೀರ್ವೆ ಕಟ್ಟಲು ಆಗದ ಕಾರಣ ಪಾಲುಪತ್ರ ಅಲ್ಲಿಗೇ ನಿಂತಿದೆ. ಕೃಷಿ ಭವನದ ಸಹಾಯಧನಕ್ಕೂ ಬ್ಯಾಂಕಿನ ಸಾಲಕ್ಕೂ ಮೊದಲು ಕೇಳುವುದು ತೀರ್ವೆ ರಶೀದಿಯನ್ನೇ ಎಂಬುದು ತಮಗೆ ತಿಳಿದೇ ಇದೆ.

ಈ ಪತ್ರ ಕನ್ನಡದಲ್ಲಿದೆ. ಸಂವಿಧಾನದ 350ನೇ ವಿಧಿ ಅದಕ್ಕೆ ಅವಕಾಶ ಕೊಟ್ಟಿದೆ. ಆದರೂ ತಮ್ಮ ಸಮಯ ಉಳಿಯಲಿ ಎಂದು ಒಂದು ಪುಟದ ಮಲಯಾಳ ಸಾರಾಂಶವನ್ನು ಜೊತೆಗೆ ಇಟ್ಟಿದ್ದೇನೆ. ನನ್ನ ಮಲಯಾಳ ಮಾತಿಗೆ ಸಾಕು, ಬರೆಯಲು ಸಾಲದು. ತಂಗಿಯ ಮಗ ಬರೆದುಕೊಟ್ಟಿದ್ದಾನೆ, ಭೇಟಿಯ ದಿನ ಅವನೂ ಜೊತೆಗೆ ಬರುತ್ತಾನೆ. ಬೇರೆ ಯಾರೂ ಇರುವುದಿಲ್ಲ.

ತಮ್ಮ ಕೆಲಸದ ಒತ್ತಡ ಗೊತ್ತಿದೆ. ತಮಗೆ ಬಿಡುವಾಗದಿದ್ದರೆ ಡೆಪ್ಯುಟಿ ಕಲೆಕ್ಟರ್ ಒಬ್ಬರನ್ನು ಕಾಣಲು ಸೂಚಿಸಿದರೂ ಆಗಬಹುದು. ನಕ್ಷೆ ಮತ್ತು ಸರ್ವೆಯವರು ಅಲ್ಲಿ ಇರುವಂತೆ ಮಾಡಿಕೊಡಬೇಕೆಂದು ಮಾತ್ರ ವಿನಂತಿ. ಬೆಳಿಗ್ಗೆ ಹತ್ತರ ಮೇಲೆ ಯಾವ ಹೊತ್ತಾದರೂ ಬರಬಲ್ಲೆ. ಹಿಂದಿನ ದಿನ ಸಂಜೆ ತಿಳಿಸಿದರೂ ಸಾಕು. ಫೋನ್ ನಂಬರನ್ನು ಲಕೋಟೆಯ ಹಿಂಬದಿಯಲ್ಲಿ ಬರೆದಿದ್ದೇನೆ. ನಮ್ಮಲ್ಲಿ ರೇಂಜ್ ಸರಿ ಇಲ್ಲದ ಕಾರಣ ಕರೆ ಸಿಗದಿದ್ದರೆ ದಯವಿಟ್ಟು ಮೆಸೇಜ್ ಹಾಕಿಸಿ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇತಿ ತಮ್ಮ ವಿಶ್ವಾಸಿ,
(ಸಹಿ)
ಗೋವಿಂದ ಭಟ್

ಲಗತ್ತು: ದೂರಿನ ರಶೀದಿಯ ಪ್ರತಿ, 1938ರ ಆಧಾರದ ಜೆರಾಕ್ಸ್ (ಎರಡನೇ ಹಾಳೆ ಮಸುಕಾಗಿದೆ), ಹಿಂದಿನ ತೀರ್ವೆ ರಶೀದಿ, ಹೊಸ ನಕ್ಷೆಯ ಪ್ರತಿ, ಕಣಿ ಮತ್ತು ತೋಡು ಎರಡೂ ಕಾಣುವ ಫೋಟೋ, ಮಲಯಾಳ ಸಾರಾಂಶ.