ಸತ್ಯ ಕೋಷ್ಟಕ ಮತ್ತು ‘ಆದರೆ’ ಹೇಳಿಕೆಯ ನಿಷೇಧ: ಅಭ್ಯಾಸ ಹಾಳೆ

ಬಿಸಿಎ ಮೊದಲ ವರ್ಷ, ಡಿಸ್ಕ್ರೀಟ್ ಗಣಿತ. ಸಮಯ 40 ನಿಮಿಷ, ಅಂಕ 20. ಸತ್ಯಕ್ಕೆ 1, ಅಸತ್ಯಕ್ಕೆ 0 ಬರೆಯಿರಿ.

ಮೊದಲು ಸಾಲು ಎಣಿಸಿ

n ಬೇರೆ ಬೇರೆ ಚರಗಳಿದ್ದರೆ 2ⁿ ಸಾಲು. ಒಂದೇ ಅಕ್ಷರ ಎಷ್ಟು ಸಲ ಬಂದರೂ ಅದು ಒಂದೇ ಚರ. ಮೂರು ಚರಗಳಿದ್ದಾಗ p ಕಾಲಂನಲ್ಲಿ ನಾಲ್ಕು 1, ನಾಲ್ಕು 0. q ನಲ್ಲಿ ಎರಡೆರಡು. r ನಲ್ಲಿ ಒಂದೊಂದು. ಈ ಕ್ರಮ ಬಿಟ್ಟು ತೋಚಿದಂತೆ ತುಂಬಿದರೆ ಒಂದು ಸಾಲು ಎರಡು ಸಲ ಬಂದು ಇನ್ನೊಂದು ಬಿಟ್ಟುಹೋಗುತ್ತದೆ. ಒಟ್ಟು ಮಾತ್ರ 8 ಇರುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ.

1. ಎಷ್ಟು ಸಾಲು ಬೇಕು? (3 ಅಂಕ)
(ಅ) (p → q) ∧ (q → r)
(ಆ) ¬p ∨ (p ∧ ¬p)
(ಇ) (p ∧ q) → (r ∨ s)

2. 1(ಅ)ದ ಕೋಷ್ಟಕವನ್ನು ಪೂರ್ತಿ ಬರೆಯಿರಿ. ಕೊನೆಯ ಕಾಲಂನಲ್ಲಿ ಎಷ್ಟು 1 ಬಂದವು? (5 ಅಂಕ)

ನಿಷೇಧ

| p | q | p → q | p ∧ ¬q | p → ¬q |
|---|---|---|---|---|
| 1 | 1 | 1 | 0 | 0 |
| 1 | 0 | 0 | 1 | 1 |
| 0 | 1 | 1 | 0 | 1 |
| 0 | 0 | 1 | 0 | 1 |

ನಿಷೇಧವೆಂದರೆ ಪ್ರತಿ ಸಾಲಿನಲ್ಲೂ ಬೆಲೆ ತಿರುಗಬೇಕು. p → q ಗೆ ಮೂರು 1 ಇವೆ, ಹಾಗಾಗಿ ಅದರ ನಿಷೇಧಕ್ಕೆ ಒಂದೇ 1 ಇರಬೇಕು. p → ¬q ಗೆ ಮೂರಿವೆ; ಕೊನೆಯ ಎರಡು ಸಾಲು ತಿರುಗಲೇ ಇಲ್ಲ. ಅತಿ ಹೆಚ್ಚು ಅಂಕ ಕಳೆಯುವುದು ಇಲ್ಲೇ. ಇಡೀ ಕೋಷ್ಟಕ ಬರೆಯಲು ಸಮಯವಿಲ್ಲದಿದ್ದರೆ p = 0 ಇರುವ ಸಾಲುಗಳನ್ನಾದರೂ ನೋಡಿ: ನಿಮ್ಮ ಉತ್ತರಕ್ಕೆ ಅಲ್ಲಿ 1 ಬಂದರೆ ಅದು ನಿಷೇಧವಲ್ಲ.

ಉದಾಹರಣೆ: “ರೈಲು ತಡವಾದರೆ ರವಿ ಬಸ್ಸಿಗೆ ಹೋಗುತ್ತಾನೆ.” ನಿಷೇಧ: “ರೈಲು ತಡವಾಗುತ್ತದೆ, ಆದರೂ ರವಿ ಬಸ್ಸಿಗೆ ಹೋಗುವುದಿಲ್ಲ.” ಇಲ್ಲಿನ ‘ಆದರೂ’ ತರ್ಕದಲ್ಲಿ ∧ ಅಷ್ಟೇ. ಉತ್ತರದಲ್ಲಿ ‘-ಆದರೆ’ ಉಳಿದಿದ್ದರೆ ಮತ್ತೆ ನೋಡಿಕೊಳ್ಳಿ.

3. ನಿಷೇಧ ಬರೆಯಿರಿ. (8 ಅಂಕ)
(ಅ) ಪಾಸ್‌ವರ್ಡ್ ಸರಿಯಿದ್ದರೆ ಪುಟ ತೆರೆಯುತ್ತದೆ.
(ಆ) ಮಳೆ ಬಂದರೆ ಪಂದ್ಯ ನಿಲ್ಲುತ್ತದೆ ಅಥವಾ ಓವರ್ ಕಡಿಮೆಯಾಗುತ್ತವೆ.
(ಇ) ಹಾಜರಾತಿ 75% ಇದ್ದರೆ ಮಾತ್ರ ಪರೀಕ್ಷೆಗೆ ಕೂರಬಹುದು. (‘ಮಾತ್ರ’ ಬಂದಾಗ ಬಾಣದ ದಿಕ್ಕು ಬದಲಾಗುತ್ತದೆ.)
(ಈ) ಯಾವುದೇ ಪೂರ್ಣಾಂಕ n 2ರಿಂದ ಭಾಗವಾದರೆ 4ರಿಂದಲೂ ಭಾಗವಾಗುತ್ತದೆ.

4. ¬p → ¬q ಎಂಬುದು p → q ದ ನಿಷೇಧವೇ? ಒಂದು ಸಾಲು ತೋರಿಸಿ ಉತ್ತರಿಸಿ. (4 ಅಂಕ)

ಉತ್ತರಗಳು

1. 8, 2, 16. (ಆ)ದಲ್ಲಿ p ಮೂರು ಸಲ ಇದ್ದರೂ ಚರ ಒಂದೇ.

2. ನಾಲ್ಕು: 111, 011, 001, 000.

3. (ಅ) ಪಾಸ್‌ವರ್ಡ್ ಸರಿಯಿದೆ, ಆದರೂ ಪುಟ ತೆರೆಯುವುದಿಲ್ಲ. (ಆ) ಮಳೆ ಬರುತ್ತದೆ, ಪಂದ್ಯ ನಿಲ್ಲುವುದಿಲ್ಲ, ಓವರೂ ಕಡಿಮೆಯಾಗುವುದಿಲ್ಲ: p ∧ ¬q ∧ ¬r. ‘ಅಥವಾ’ ಹಾಗೇ ಬಿಟ್ಟವರಿಗೆ ಅರ್ಧ ಅಂಕ. (ಇ) ಪರೀಕ್ಷೆಗೆ ಕೂರಬಹುದು, ಆದರೂ ಹಾಜರಾತಿ 75% ಇಲ್ಲ. (ಈ) 2ರಿಂದ ಭಾಗವಾಗಿ 4ರಿಂದ ಭಾಗವಾಗದ ಪೂರ್ಣಾಂಕ ಒಂದಾದರೂ ಇದೆ. ಈ ನಿಷೇಧ ನಿಜವೂ ಹೌದು: n = 6.

4. ಅಲ್ಲ. p = 1, q = 1 ಇದ್ದಾಗ ಎರಡೂ 1.